ನೇರ ಮಾಡಿದ ರಾಡು ಎರಡನೇ ಸಲ ಬೇಗ ಬಾಗುವುದೇಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಮನೆ. ಬಾವಿಕಟ್ಟೆಯ ಎರಡು ಮುರಕಲ್ಲಿನ ಕಂಬಗಳ ನಡುವೆ 20 ಮಿ.ಮೀ. ಎಂಎಸ್ ರಾಡು ಹಾಕಿ ಅದಕ್ಕೆ ರಾಟೆ ಕಟ್ಟಿದ್ದೇವೆ, ಕಂಬದಿಂದ ಕಂಬಕ್ಕೆ 4 ಅಡಿ. ಪಂಪು ಮೇಲೆತ್ತುವಾಗ ರಾಡು ಕೆಳಕ್ಕೆ 40 ಮಿ.ಮೀ. ಬೆಂಡಾಯಿತು. ವರ್ಕ್‌ಶಾಪಿನಲ್ಲಿ ಜಾಕಿ ಕೊಟ್ಟು ನೇರ ಮಾಡಿಸಿ ಮತ್ತೆ ಹಾಕಿದೆ. ಈ ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಯುವಾಗ ಬಕೆಟಿನ ಭಾರಕ್ಕೇ ಅದು ಪುನಃ ಬೆರಳು ದಪ್ಪದಷ್ಟು ಕೆಳಗೆ ಬಂತು. ಪಂಪಿನ ಅರ್ಧ ಭಾರವೂ ಆ ಬಕೆಟಿಗಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಓದುವ ಮಗ, "ಬೆಂಡಾದ ಕಬ್ಬಿಣ ಗಟ್ಟಿಯಾಗಬೇಕಪ್ಪ, ಅದು ಸ್ಟ್ರೈನ್ ಹಾರ್ಡನಿಂಗ್" ಎನ್ನುತ್ತಾನೆ. ಹಾಗಾದರೆ ನಮ್ಮದು ಮೆತ್ತಗಾದದ್ದು ಹೇಗೆ?

ಉತ್ತರ:

ನಿಮ್ಮ ಮಗ ಹೇಳಿದ್ದೂ ಸರಿ, ನಿಮ್ಮ ಕಣ್ಣು ಕಂಡದ್ದೂ ಸರಿ. ಇವೆರಡರ ನಡುವೆ ಬಿಟ್ಟುಹೋದದ್ದು ದಿಕ್ಕು. ಒಮ್ಮೆ ಮಣಿದ ಲೋಹ ಮಣಿದ ದಿಕ್ಕಿನಲ್ಲಿ ಗಟ್ಟಿಯಾಗುತ್ತದೆ. ಅದನ್ನೇ ವಿರುದ್ಧ ದಿಕ್ಕಿಗೆ ಒತ್ತಿದರೆ ಹೊಸ ಲೋಹಕ್ಕಿಂತಲೂ ಬೇಗ ಮಣಿಯುತ್ತದೆ. ಮ್ಯೂನಿಕ್‌ನ ಪ್ರಾಧ್ಯಾಪಕ ಯೋಹಾನ್ ಬೌಶಿಂಗರ್ (1834–1893) 1880ರ ದಶಕದಲ್ಲಿ ಕಬ್ಬಿಣ ಮತ್ತು ಉಕ್ಕಿನ ತುಂಡುಗಳನ್ನು ಎಳೆದು, ಒತ್ತಿ, ಇದನ್ನು ಅಳೆದು ತೋರಿಸಿದರು. ಹಾಗಾಗಿ ಇದಕ್ಕೆ ಬೌಶಿಂಗರ್ ಪರಿಣಾಮ ಎಂದೇ ಹೆಸರು. ನಿಮ್ಮ ರಾಡು ಮೊದಲು ಕೆಳಕ್ಕೆ ಮಣಿಯಿತು. ಆಮೇಲೆ ಜಾಕಿ ಅದನ್ನು ಮೇಲಕ್ಕೆ ಮಣಿಸಿತು. ಅಂದರೆ ಬಾವಿಗೆ ವಾಪಸು ಬಂದಾಗ ಅದು ಮೇಲ್ಮುಖವಾಗಿ ಗಟ್ಟಿಯಾದ, ಕೆಳಮುಖವಾಗಿ ಸಡಿಲವಾದ ರಾಡು. ಬಕೆಟ್ ತೂಗಿದ್ದು ಆ ಸಡಿಲ ದಿಕ್ಕಿನಲ್ಲಿ.

ಬಾಗುವುದಕ್ಕಿಂತ ನೇರವಾಗಿ ಎಳೆಯುವುದನ್ನು ಅರ್ಥ ಮಾಡಿಕೊಳ್ಳುವುದು ಸುಲಭ, ಅದರಿಂದಲೇ ಶುರು ಮಾಡೋಣ. ಸಾಧಾರಣ ಎಂಎಸ್ ಉಕ್ಕಿನ ಮಣಿಯುವ ಮಟ್ಟ ಪ್ರತಿ ಚದರ ಮಿ.ಮೀ.ಗೆ 250 ನ್ಯೂಟನ್, ಅಂದರೆ ಸುಮಾರು 25 ಕಿಲೋ ಎಂದಿಟ್ಟುಕೊಳ್ಳಿ. ಅಲ್ಲಿಯವರೆಗೆ ಎಳೆದು ಬಿಟ್ಟರೆ ತುಂಡು ಮೊದಲಿನ ಉದ್ದಕ್ಕೇ ಮರಳುತ್ತದೆ. 250 ದಾಟಿಸಿ, ಶೇ. 4–5ರಷ್ಟು ಉದ್ದವಾಗುವ ತನಕ ಎಳೆಯುತ್ತ ಹೋದರೆ ಎಳೆತ 320ರ ಹತ್ತಿರ ಬರುತ್ತದೆ. ಈಗ ಭಾರ ಪೂರ್ತಿ ಇಳಿಸಿ, ಪುನಃ ಅದೇ ಕಡೆಗೆ ಎಳೆಯಿರಿ. 250ಕ್ಕೆ ಅದು ಮಣಿಯುವುದಿಲ್ಲ, 320 ಬರುವವರೆಗೂ ಬಿಗಿಯಾಗಿ ನಿಲ್ಲುತ್ತದೆ. ಮಗ ಹೇಳಿದ ಸ್ಟ್ರೈನ್ ಹಾರ್ಡನಿಂಗ್ ಇದೇ.

ಆದರೆ ಭಾರ ಇಳಿಸಿದ ಮೇಲೆ ಎಳೆಯದೆ, ಅದೇ ತುಂಡನ್ನು ಎರಡೂ ತುದಿಯಿಂದ ಒತ್ತಿದರೆ? ಗಟ್ಟಿತನ ಎಲ್ಲ ದಿಕ್ಕಿಗೂ ಸಮನಾಗಿ ಬಂದಿದ್ದರೆ ಒತ್ತುವಾಗಲೂ 320 ಬೇಕಾಗಿತ್ತು. ಹಾಗಾಗುವುದಿಲ್ಲ. ಇನ್ನೊಂದು ತುದಿಯ ಊಹೆ ಹೀಗೆ: ಲೋಹ ಮಣಿಯದೆ ಇರುವ ಒಟ್ಟು ಅಗಲ ಮೊದಲಿನಷ್ಟೇ, ಅಂದರೆ 250ರ ಎರಡು ಪಟ್ಟು 500; ಆ ಅಗಲ ಎಳೆದ ಕಡೆಗೆ ಜರುಗಿದೆ ಅಷ್ಟೇ. ಆಗ 320ರಿಂದ 500 ಕೆಳಗೆ ಬಂದರೆ, ಒತ್ತುವ ಕಡೆ 180ಕ್ಕೇ ಮಣಿಯಬೇಕು. ಮೊದಲನೇ ಲೆಕ್ಕಕ್ಕೆ ಐಸೊಟ್ರೊಪಿಕ್ ಹಾರ್ಡನಿಂಗ್, ಎರಡನೆಯದಕ್ಕೆ ಕೈನೆಮ್ಯಾಟಿಕ್ ಹಾರ್ಡನಿಂಗ್ ಎಂದು ಹೆಸರು. ನಿಮ್ಮ ಮಗನಿಗೆ ಮುಂದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಇವೆರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಭಾರ ದಿಕ್ಕು ಬದಲಿಸುವ ಕೆಲಸಕ್ಕೆ ಮೊದಲನೆಯದನ್ನು ಆರಿಸಿದರೆ ರಾಡು ಇರುವುದಕ್ಕಿಂತ ಗಟ್ಟಿ ಎಂದು ಉತ್ತರ ಬರುತ್ತದೆ, ಅದು ಅಪಾಯದ ಕಡೆಯ ತಪ್ಪು.

ನಿಜವಾದ ಉಕ್ಕು ಈ ಎರಡರ ನಡುವೆ ಎಲ್ಲೋ ಇರುತ್ತದೆ. ಮುಖ್ಯವಾಗಿ ಗಮನಿಸಬೇಕಾದ್ದು ಗೆರೆಯ ಆಕಾರವನ್ನು. ಹೊಸ ಎಂಎಸ್ ಉಕ್ಕು ಮೊದಲ ಸಲ ಮಣಿಯುವಾಗ ಗ್ರಾಫಿನಲ್ಲಿ ಸ್ಪಷ್ಟವಾದ ಮೂಲೆಯೊಂದು ಕಾಣುತ್ತದೆ: ನೇರ ಏರಿಕೆ, ಥಟ್ಟನೆ ತಿರುವು, ಆಮೇಲೆ ಮಟ್ಟಸವಾದ ಹಾದಿ. ವಿರುದ್ಧ ದಿಕ್ಕಿನಲ್ಲಿ ಆ ಮೂಲೆಯೇ ಇರುವುದಿಲ್ಲ. ಗೆರೆ ಬಹಳ ಬೇಗ, ಸದ್ದಿಲ್ಲದೆ ನೇರ ದಾರಿ ಬಿಟ್ಟು ದುಂಡಗೆ ಬಾಗತೊಡಗುತ್ತದೆ. ಎಲ್ಲಿ ಮಣಿಯಿತು ಎಂದು ಬೆರಳಿಟ್ಟು ತೋರಿಸುವುದೇ ಕಷ್ಟ. ಇನ್ನಷ್ಟು ಒತ್ತುತ್ತ ಹೋದರೆ ಅದು ಏರಿ ಏರಿ ಹಳೆಯ ಗಟ್ಟಿತನದ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಶಕ್ತಿ ಶಾಶ್ವತವಾಗಿ ಹೋಯಿತು ಎನ್ನುವುದು ಸರಿಯಲ್ಲ. ಹೋದದ್ದು ಆರಂಭದ ಬಿಗಿ. ಆದರೆ ಬಾವಿಯ ರಾಡಿಗೆ ಬೇಕಾದ್ದೇ ಆ ಆರಂಭದ ಬಿಗಿ.

ಒಳಗೆ ಆಗುವುದೇನು? ಲೋಹವೆಂದರೆ ಪರಮಾಣುಗಳ ಸಾಲುಗಳು ಒಪ್ಪವಾಗಿ ಜೋಡಿಸಿಕೊಂಡ ಪುಟ್ಟ ಪುಟ್ಟ ಹರಳುಗಳ ರಾಶಿ. ಪ್ರತಿ ಹರಳಿನಲ್ಲೂ ಸಾಲು ತಪ್ಪಿದ ಗೆರೆಗಳಿರುತ್ತವೆ, ಇವಕ್ಕೆ ಡಿಸ್ಲೊಕೇಶನ್ ಎನ್ನುತ್ತಾರೆ. ಲೋಹ ಮಣಿಯುವುದೆಂದರೆ ಈ ಗೆರೆಗಳು ಹರಳಿನೊಳಗೆ ಜಾರುತ್ತ ಹೋಗುವುದು. ಕೆಳಕ್ಕೆ ಬಾಗಿದಾಗ ಅವು ಒಂದು ಕಡೆಗೆ ಜಾರಿ ಹರಳಿನ ಅಂಚಿಗೆ, ಇಲ್ಲವೇ ನಡುವೆ ಇರುವ ಗಟ್ಟಿ ಕಣಕ್ಕೆ ತಾಗಿ ನಿಲ್ಲುತ್ತವೆ. ಹಿಂದಿನಿಂದ ಬಂದದ್ದು ಅದರ ಬೆನ್ನಿಗೆ, ಅದರ ಹಿಂದಿನದು ಇದರ ಬೆನ್ನಿಗೆ. ಒಂದೇ ಜಾತಿಯ ಗೆರೆಗಳು ಒಂದನ್ನೊಂದು ದೂರ ತಳ್ಳುವ ಕಾರಣ ಈ ಸಾಲು ಒತ್ತಿ ಹಿಡಿದ ಸ್ಪ್ರಿಂಗಿನ ಹಾಗೆ ಇರುತ್ತದೆ. ಇನ್ನೂ ಮುಂದಕ್ಕೆ ಹೋಗಲು ಹೆಚ್ಚು ಬಲ ಬೇಕು, ಅದೇ ಗಟ್ಟಿತನ. ಹಿಂದಕ್ಕೆ ಹೋಗುವುದಾದರೆ ಆ ಸ್ಪ್ರಿಂಗೇ ತಳ್ಳಿಕೊಡುತ್ತದೆ, ಜೊತೆಗೆ ಬಂದ ದಾರಿಯಲ್ಲಿ ಹೊಸ ತಡೆಗಳೂ ಕಡಿಮೆ. ಈ ಒಳತಳ್ಳಿಗೆ ಬ್ಯಾಕ್ ಸ್ಟ್ರೆಸ್ ಎಂದು ಹೆಸರು. ಗಟ್ಟಿಯಾಗಲು ಯಾವುದು ಕಾರಣವೋ, ಆಚೆ ದಿಕ್ಕಿಗೆ ಮೆತ್ತಗಾಗಲೂ ಅದರದ್ದೇ ಒಂದು ಪಾಲು ಕಾರಣ.

ಇನ್ನೊಂದು ಮಾತು ಮಗನಿಗೆ. ಎಂಎಸ್ ಉಕ್ಕು ಮಣಿದ ತಕ್ಷಣ ಗಟ್ಟಿಯಾಗತೊಡಗುವುದಿಲ್ಲ. ಮೇಲೆ ಹೇಳಿದ ಮಟ್ಟಸವಾದ ಹಾದಿ ಶೇ. 1.5ರ ಆಸುಪಾಸಿನ ಹಿಗ್ಗಿನವರೆಗೂ ಎಳೆಯಬಹುದು, ಏರಿಕೆ ಆಮೇಲೆಯೇ. ನಿಮ್ಮ ರಾಡು ಅಷ್ಟು ಸಣ್ಣ ಬೆಂಡಿಗೆ ನಡುವಿನಲ್ಲಿ ಬಹುಶಃ ಶೇ. 1–2 ಮಾತ್ರ ಹಿಗ್ಗಿರುತ್ತದೆ. ಅಂದರೆ ಗಟ್ಟಿಯಾಗುವ ಲಾಭ ಇನ್ನೂ ಶುರುವಾಗಿಯೇ ಇಲ್ಲ ಅಥವಾ ಈಗಷ್ಟೇ ಶುರು. ವಿರುದ್ಧ ದಿಕ್ಕಿನ ಸಡಿಲು ಮಾತ್ರ ಅಷ್ಟರಲ್ಲೇ ಬಂದುಬಿಟ್ಟಿದೆ.

ಇನ್ನು ನಿಮ್ಮ ರಾಡಿನ ಲೆಕ್ಕ. ಕಂಬದಿಂದ ಕಂಬಕ್ಕೆ 1200 ಮಿ.ಮೀ., ರಾಟೆ ನಡುವೆ, ತುದಿಗಳು ತೂತಿನಲ್ಲಿ ಸಡಿಲವಾಗಿ ಕೂತಿವೆ ಎಂದಿಟ್ಟುಕೊಳ್ಳುತ್ತೇನೆ. ರಾಡಿನ ಹೊರಚರ್ಮ ಮಣಿಯತೊಡಗುವ ಬಾಗುಬಲ My, ಮತ್ತು ಇಡೀ ಅಡ್ಡಕೊಯ್ತ ಮಣಿದುಹೋಗುವ ಬಾಗುಬಲ Mp ಹೀಗೆ; σ ಎಂದರೆ ಮಣಿಯುವ ಮಟ್ಟ, d ರಾಡಿನ ದಪ್ಪ, L ಕಂಬಗಳ ನಡುವಿನ ದೂರ, P ನಡುವಿನ ಭಾರ:

```
My = σ·π·d³/32 = 250 × 785 = 196000 N·mm
Mp = σ·d³/6    = 250 × 1333 = 333000 N·mm
P  = 4·M/L
```

ಇದನ್ನು ನಡುವಿನ ಭಾರಕ್ಕೆ ಬದಲಿಸಿದರೆ ಚರ್ಮ ಮಣಿಯುವುದು ಸುಮಾರು 67 ಕಿಲೋಗೆ, ಪೂರ್ತಿ ಸೋಲುವುದು ಸುಮಾರು 113 ಕಿಲೋಗೆ. ಎರಡರ ನಡುವಿನ ಅನುಪಾತ 1.7, ಉರುಟು ರಾಡಿಗೆ ಇದು ಯಾವಾಗಲೂ ಇಷ್ಟೇ.

ಇಲ್ಲಿ ಹೆಚ್ಚಿನವರು ಮರೆಯುವ ಒಂದು ಸಂಗತಿಯಿದೆ. ಮೇಲೆ ಕಟ್ಟಿದ ಒಂದೇ ರಾಟೆಯಲ್ಲಿ ಹಗ್ಗವನ್ನು ಕೆಳಕ್ಕೆ ಎಳೆಯುವಾಗ ರಾಡಿನ ಮೇಲೆ ಸಾಮಾನಿನ ಭಾರವೂ ಬೀಳುತ್ತದೆ, ನೀವು ಎಳೆಯುವ ಬಲವೂ ಬೀಳುತ್ತದೆ. ಅಂದರೆ ಎರಡು ಪಟ್ಟು. ಪೈಪು, ಅದರೊಳಗಿನ ನೀರು ಸೇರಿ ಪಂಪು 55 ಕಿಲೋ ಇದ್ದರೆ ರಾಡಿಗೆ 110 ಕಿಲೋ. ರಾಟೆಯ ತಿಕ್ಕಾಟ, ಎಳೆಯುವಾಗಿನ ಜಗ್ಗು ಸೇರಿದರೆ 113 ದಾಟಲು ಹೆಚ್ಚೇನೂ ಬೇಡ. ಮೊದಲ ಸಲ ಅದು ಬೆಂಡಾದದ್ದು ಹಾಗೆ.

ಕೆಸರಿನ ಬಕೆಟ್ 25ರಿಂದ 27 ಕಿಲೋ ಇರಬಹುದು. ಎರಡು ಪಟ್ಟು ಎಂದರೆ 50–54, ತಿಕ್ಕಾಟ ಮತ್ತು ಜಗ್ಗು ಸೇರಿ 85ರ ತನಕ ಹೋಗಿದೆ ಎನ್ನೋಣ. ಹೊಸ ರಾಡಾದರೆ? 67 ದಾಟಿರುವುದರಿಂದ ಚರ್ಮ ತುಸು ಮಣಿಯುತ್ತದೆ, ಆದರೆ ಉಳಿಯುವ ಬೆಂಡು ಲೆಕ್ಕದಲ್ಲಿ ಒಂದು ಮಿ.ಮೀ.ಗಿಂತ ಕಡಿಮೆ, ಕಣ್ಣಿಗೆ ಕಾಣುವುದೇ ಇಲ್ಲ.

ನೇರ ಮಾಡಿದ ರಾಡಿನ ಕಥೆ ಬೇರೆ, ಮತ್ತು ಇಲ್ಲಿ ಬೌಶಿಂಗರ್ ಪರಿಣಾಮದ ಜೊತೆಗೆ ಇನ್ನೊಬ್ಬ ಪಾಲುದಾರನೂ ಇದ್ದಾನೆ: ಒಳಗೆ ಉಳಿದ ಒತ್ತಡ. ಜಾಕಿ ರಾಡನ್ನು ಪೂರ್ತಿ ಮಣಿಸಿ ಬಿಟ್ಟಾಗ ರಾಡು ಪುಟಿದು ಸ್ವಲ್ಪ ಹಿಂದೆ ಬರುತ್ತದಲ್ಲ, ಆ ಪುಟಿತದಲ್ಲಿ ಹೊರಚರ್ಮದ ಸ್ಟ್ರೆಸ್ 250ರ 1.7 ಪಟ್ಟು, ಅಂದರೆ 425ರಷ್ಟು ಹಿಂದಕ್ಕೆ ತಿರುಗುತ್ತದೆ. 250ರಲ್ಲಿ 425 ಕಳೆದರೆ ಮೈನಸ್ 175. ಭಾರವೇ ಇಲ್ಲದೆ ಮೇಜಿನ ಮೇಲೆ ಮಲಗಿರುವ, ನೋಡಲು ನೆಟ್ಟಗಿರುವ ರಾಡಿನ ಚರ್ಮದಲ್ಲಿ ಆಗಲೇ 175 ವಿರುದ್ಧ ದಿಕ್ಕಿನಲ್ಲಿ ಕೂತಿದೆ. ಇನ್ನು 75 ಸೇರಿದರೆ ಸಾಕು, ಮಣಿಯುತ್ತದೆ. ಅದಕ್ಕೆ ಬೇಕಾದ ಭಾರ 67ರ ಹತ್ತರಲ್ಲಿ ಮೂರು ಪಾಲು, ಸುಮಾರು 20 ಕಿಲೋ. ಎರಡು ಪಟ್ಟಿನ ಲೆಕ್ಕದಲ್ಲಿ ಹತ್ತು ಕಿಲೋದ ಬಕೆಟ್ ಸಾಕು!

ಅಲ್ಲಿಂದ 85 ಕಿಲೋವರೆಗೆ ಮಣಿಯುತ್ತ ಹೋದರೆ, ಒಳಗೆ ಉಳಿದ ಒತ್ತಡವೊಂದರಿಂದಲೇ ಸುಮಾರು 6 ಮಿ.ಮೀ. ಬೆಂಡು ಉಳಿಯುತ್ತದೆ ಎಂದು ಲೆಕ್ಕ ಹೇಳುತ್ತದೆ. ಈ ಲೆಕ್ಕದಲ್ಲಿ ಲೋಹ ಎರಡೂ ದಿಕ್ಕಿಗೆ 250ಕ್ಕೇ ಮಣಿಯುತ್ತದೆ ಎಂದು ಹಿಡಿದಿದ್ದೇನೆ. ಬೌಶಿಂಗರ್ ಪರಿಣಾಮದಿಂದ ಅದು 250ಕ್ಕಿಂತ ಮೊದಲೇ, ದುಂಡಗೆ ಮಣಿಯುವುದನ್ನು ಸೇರಿಸಿದರೆ ನಿಮ್ಮ ಬೆರಳು ದಪ್ಪದ ಬೆಂಡಿಗೆ ಪೂರ್ತಿ ವಿವರಣೆ ಸಿಗುತ್ತದೆ. ಇವೆರಡನ್ನು ಬೆರೆಸಿ ಎಲ್ಲವನ್ನೂ ಬೌಶಿಂಗರ್ ತಲೆಗೆ ಕಟ್ಟುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಒಂದು ಲೋಹದ ಗುಣ, ಇನ್ನೊಂದು ಬಾಗಿಸಿದ ರೀತಿಯಿಂದ ಬಂದದ್ದು. ತುಂಡನ್ನು ಉದ್ದಕ್ಕೆ ಎಳೆದು ಒತ್ತಿದಾಗ ಮೊದಲನೆಯದು ಮಾತ್ರ ಇರುತ್ತದೆ, ಬಾಗಿಸಿದಾಗ ಎರಡೂ ಸೇರುತ್ತವೆ.

ಮಗನಿಗೆ ಇದನ್ನು ಕೈಯಾರೆ ನೋಡುವ ಆಸೆಯಿದ್ದರೆ ವರ್ಕ್‌ಶಾಪಿನಲ್ಲೇ ಆಗುತ್ತದೆ. ಒಂದೇ 20 ಮಿ.ಮೀ. ರಾಡಿನಿಂದ 700 ಮಿ.ಮೀ.ನ ಮೂರು ತುಂಡು ಕತ್ತರಿಸಲಿ. ಎರಡು ಗಟ್ಟಿ ಆಧಾರಗಳನ್ನು 600 ಮಿ.ಮೀ. ದೂರದಲ್ಲಿಟ್ಟು ಅದರ ಮೇಲೆ ತುಂಡನ್ನು ಮಲಗಿಸಬೇಕು, ನಡುವಿಗೆ ಸಂಕೋಲೆ ಹಾಕಿ ತೂಗಿದ 25 ಕಿಲೋ ಮರಳಿನ ಚೀಲಗಳನ್ನು ಒಂದೊಂದಾಗಿ ನೇತುಹಾಕಬೇಕು, ಡಯಲ್ ಗೇಜಿನಲ್ಲಿ ನಡುವಿನ ಇಳಿತ ಓದಬೇಕು. ಚೀಲಗಳು ನೆಲದಿಂದ ನಾಲ್ಕು ಬೆರಳಿಗಿಂತ ಮೇಲೆ ಇರದಿರಲಿ, ತುಂಡು ಜಾರಿದರೆ ಕಾಲ ಮೇಲೆ ಬೀಳಬಾರದು. ಆಧಾರದಲ್ಲಿ ರಾಡು ಉರುಳದಂತೆ ವಿ-ಬ್ಲಾಕ್ ಬೇಕು. ಮೇಲಿನ ಮೈಗೆ ಉದ್ದಕ್ಕೂ ಪೈಂಟಿನ ಗೆರೆ ಎಳೆದಿಡಲಿ, ಇಲ್ಲದಿದ್ದರೆ ಯಾವ ಬದಿ ಯಾವುದೆಂದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ, ಪ್ರಯೋಗವೇ ವ್ಯರ್ಥ.

ಈ ದೂರಕ್ಕೆ ಪ್ರತಿ ಚೀಲಕ್ಕೆ ಇಳಿತ 0.70 ಮಿ.ಮೀ. ಬರಬೇಕು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಆಧಾರವೇ ಕುಸಿಯುತ್ತಿದೆ, ಮೊದಲು ಅದನ್ನು ಸರಿಮಾಡಿ. ಚರ್ಮ ಮಣಿಯುವ ಭಾರ 133 ಕಿಲೋ, ಪೂರ್ತಿ ಸೋಲುವುದು 227. ಅಂಗಡಿಯ ರಾಡು 250ಕ್ಕಿಂತ ಗಟ್ಟಿ ಇರುವುದೇ ಹೆಚ್ಚು, ಆಗ ಇವೆರಡೂ ಅದೇ ಪ್ರಮಾಣದಲ್ಲಿ ಮೇಲೆ ಹೋಗುತ್ತವೆ. ಮೊದಲನೇ ತುಂಡಿಗೆ ಭಾರ ಇಳಿಸಿದ ಮೇಲೂ 5–6 ಮಿ.ಮೀ. ಬೆಂಡು ಉಳಿಯುವಷ್ಟು ಚೀಲ ಹಾಕಿ, ಇಳಿಸಿ, ಅದೇ ಬದಿಯಲ್ಲಿ ಪುನಃ ಹಾಕಿದರೆ 0.70ರ ಲೆಕ್ಕ ಹಿಂದಿನ ಭಾರದ ಹತ್ತಿರದವರೆಗೂ ತಪ್ಪುವುದಿಲ್ಲ. ಎರಡನೇ ತುಂಡನ್ನೂ ಅಷ್ಟೇ ಬಾಗಿಸಿ, ಈ ಸಲ ಪೈಂಟಿನ ಗೆರೆ ಕೆಳಗೆ ಬರುವಂತೆ ಮಗುಚಿ ಹಾಕಬೇಕು. ಐದು ಚೀಲ, 125 ಕಿಲೋ ಹಾಕಿ ಪೂರ್ತಿ ಇಳಿಸಿ, ಗೇಜು ಎಲ್ಲಿಗೆ ಮರಳಿತು ನೋಡಿ. ಹೊಸ ರಾಡಾದರೆ ಸೊನ್ನೆಗೆ ಮರಳಬೇಕಾದ ಭಾರ ಅದು. ಮಗುಚಿದ್ದರಲ್ಲಿ ಉಳಿದ ಒತ್ತಡದ ಲೆಕ್ಕದಂತೆ 0.2 ಮಿ.ಮೀ. ಮಾತ್ರ ಉಳಿಯಬೇಕು. ಅದಕ್ಕಿಂತ ಹೆಚ್ಚು ಎಷ್ಟು ಉಳಿಯಿತೋ ಅದು ಲೋಹದ ಪಾಲು, ಬೌಶಿಂಗರ್ ಕಂಡದ್ದು. ಡಯಲ್ ಗೇಜು 0.01 ಮಿ.ಮೀ. ತೋರಿಸುವುದರಿಂದ ಈ ವ್ಯತ್ಯಾಸ ಕಾಣದೆ ಹೋಗುವ ಮಾತೇ ಇಲ್ಲ.

ಮೂರನೇ ತುಂಡನ್ನು ಅಷ್ಟೇ ಬಾಗಿಸಿದ ಮೇಲೆ ಇದ್ದಿಲ ಬೆಂಕಿಯಲ್ಲಿಟ್ಟು, ನೆರಳಿನಲ್ಲಿ ನೋಡಿದರೆ ಮಂದ ಕೆಂಪು ಈಗಷ್ಟೇ ಕಾಣುವಷ್ಟು, ಸುಮಾರು 600 ಡಿಗ್ರಿಗೆ ಕಾಯಿಸಬೇಕು. ಒಂದು ಗಂಟೆ ಹಾಗೇ ಬಿಟ್ಟು, ಬೂದಿಯಲ್ಲೇ ಆರಲಿ, ನೀರು ಹಾಕಬಾರದು. ಇದನ್ನು ಮಗುಚಿ ಭಾರ ಹಾಕಿದರೆ ಎರಡನೇ ತುಂಡಿನ ಸಡಿಲು ಇಲ್ಲಿ ಇರುವುದಿಲ್ಲ, ಹೊಸ ರಾಡಿನಂತೆ ನಡೆದುಕೊಳ್ಳುತ್ತದೆ. ಆ ಶಾಖದಲ್ಲಿ ಒಳಗೆ ಉಳಿದ ಒತ್ತಡ ಇಳಿಯುತ್ತದೆ, ಒತ್ತಿ ನಿಂತ ಡಿಸ್ಲೊಕೇಶನ್ ಸಾಲುಗಳೂ ಚದುರುತ್ತವೆ. ಗ್ಯಾಸ್ ಟಾರ್ಚಿನಲ್ಲಿ ಒಂದೇ ಬದಿಗೆ ಬೆಂಕಿ ಹಿಡಿಯುವುದು ಇದಕ್ಕೆ ಸಮವಲ್ಲ. ಒಂದು ಬದಿ ಹಿಗ್ಗಿ ಆರುವಾಗ ಹೊಸ ಒತ್ತಡವನ್ನೇ ತುಂಬಿಸಿಕೊಳ್ಳುತ್ತದೆ.

ನಿಮ್ಮ ಬಾವಿಗೆ ಇದರಿಂದ ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಆ ರಾಡನ್ನೇ ಬಳಸುವುದಾದರೆ, ನೇರ ಮಾಡಿದ ಮೇಲೆ ಅದನ್ನು ಮಗುಚಿ ಹಾಕಿ. ಜಾಕಿ ಯಾವ ಕಡೆಯಿಂದ ಒತ್ತಿತೋ ಆ ಮೈ ಮೇಲೆ ಬರಲಿ. ಆಗ ಬಕೆಟಿನ ಭಾರವೂ ಜಾಕಿ ಬಾಗಿಸಿದ ದಿಕ್ಕಿನಲ್ಲೇ ಬೀಳುತ್ತದೆ, 20 ಕಿಲೋಗೆ ಸಡಿಲುವ ಬದಲು 113ರ ಹತ್ತಿರದವರೆಗೂ ಬಿಗಿಯಾಗಿ ನಿಲ್ಲುತ್ತದೆ. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು. ವರ್ಕ್‌ಶಾಪಿಗೆ ಕೊಡುವಾಗಲೇ ಜಾಕಿಯ ತುದಿ ತಾಗಿದಲ್ಲಿ ಚಾಕ್ ಗುರುತು ಹಾಕಲು ಹೇಳಿ. ಮತ್ತು ರಾಡು ಕಂಬದ ತೂತಿನಲ್ಲಿ ತಿರುಗದಂತೆ ಒಂದು ತುದಿಗೆ ಸಣ್ಣ ಪಟ್ಟಿ ವೆಲ್ಡ್ ಮಾಡಿಸಿ. ಹಗ್ಗ ಓಡುವಾಗ ರಾಡು ಉರುಳಿ ತಿರುಗಿಕೊಂಡರೆ ಪುನಃ ಸಡಿಲ ಬದಿಯೇ ಕೆಳಗೆ ಬರುತ್ತದೆ.

ನಮ್ಮ ಕಡೆ ಇನ್ನೊಂದು ಉಪಾಯ ಮಾಡುವವರಿದ್ದಾರೆ. ಬೆಂಡಾದ ರಾಡನ್ನು ನೇರ ಮಾಡದೆ, ಉಬ್ಬು ಮೇಲೆ ಬರುವಂತೆ ತಿರುಗಿಸಿ ಹಾಕುವುದು, "ಭಾರಕ್ಕೆ ತಾನೇ ನೇರವಾಗುತ್ತದೆ" ಎಂದು. ಈ ವಿಷಯದ ಪ್ರಕಾರ ಅದು ಇದ್ದುದರಲ್ಲಿ ಕೆಟ್ಟ ಆಯ್ಕೆ, ಭಾರವೆಲ್ಲ ಸಡಿಲ ದಿಕ್ಕಿನಲ್ಲೇ ಬೀಳುತ್ತದೆ. ಅದಕ್ಕಿಂತ, 40 ಮಿ.ಮೀ. ತಗ್ಗಿ ನಿಂತ ರಾಡನ್ನು ಹಾಗೇ, ತಗ್ಗು ಕೆಳಗೇ ಇರುವಂತೆ ಬಿಡುವುದು ಒಳ್ಳೆಯದು. ನೋಡಲು ಚೆಂದವಿಲ್ಲ, ಆದರೆ ಆ ದಿಕ್ಕಿನಲ್ಲಿ ಅದು ಹೊಸ ರಾಡಿಗಿಂತ ಬಿಗಿ. ರಾಟೆ ನಡುವಿನಿಂದ ಜಾರುವುದಿಲ್ಲ ಎಂಬುದೂ ಒಂದು ಅನುಕೂಲವೇ.

ನೇರ ಮಾಡುವವರಿಗೂ ಒಂದು ಸೂಚನೆ. ಒಂದೇ ದೊಡ್ಡ ಒತ್ತಿಗೆ ನೇರ ಮಾಡಿ ಬಿಡುವುದರ ಬದಲು, ಸ್ವಲ್ಪ ಆಚೆಗೆ ದಾಟಿಸಿ, ಅದಕ್ಕಿಂತ ಕಡಿಮೆ ಈಚೆಗೆ, ಇನ್ನೂ ಕಡಿಮೆ ಆಚೆಗೆ ಎಂದು ಕಿರಿದಾಗುತ್ತ ಹೋದರೆ ಒಳಗೆ ಉಳಿಯುವ ಒತ್ತಡ ಕಡಿಮೆಯಾಗುತ್ತದೆ. ಸುರುಳಿ ಕಂಬಿಯನ್ನು ನೇರ ಮಾಡುವ ಯಂತ್ರದಲ್ಲಿ ಉರುಳೆಗಳು ಮೇಲೆ ಕೆಳಗೆ ಇದ್ದು, ಹೊರಬರುವ ಕಡೆಗೆ ಅವುಗಳ ಒತ್ತು ಕಡಿಮೆಯಾಗುತ್ತ ಹೋಗುವುದು ಇದೇ ಕಾರಣಕ್ಕೆ. ಆದರೆ ಪ್ರತಿ ಸಲ ಆಚೀಚೆ ಮಾಡುವುದೂ ರಾಡಿನ ಆಯುಸ್ಸಿನಿಂದಲೇ ಹೋಗುತ್ತದೆ. ಎರಡು ಮೂರು ಸಲ ಬೆಂಡಾಗಿ ನೇರವಾದ ಜಾಗದಲ್ಲಿ ತುಕ್ಕಿನ ಪುಡಿ ಗೆರೆಗೆರೆಯಾಗಿ ಉದುರಿದ್ದರೆ, ಅಡ್ಡಕ್ಕೆ ಸಣ್ಣ ಬಿರುಕು ಉಗುರಿಗೆ ತಾಗಿದರೆ, ಆ ರಾಡನ್ನು ಗುಜರಿಗೆ ಹಾಕಿ.

ಕೆಲವರು ನೇರ ಮಾಡಿದ ಕಂಬಿಯನ್ನು ಕೆಲವು ವಾರ ಬಿಟ್ಟರೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಅದರಲ್ಲಿ ನಿಜವಿದೆ. ಉಕ್ಕಿನಲ್ಲಿರುವ ಕಾರ್ಬನ್, ನೈಟ್ರೋಜನ್ ಪರಮಾಣುಗಳು ಮೆಲ್ಲಮೆಲ್ಲನೆ ಬಂದು ಡಿಸ್ಲೊಕೇಶನ್‌ಗಳನ್ನು ಬಂಧಿಸುತ್ತವೆ, ಇದಕ್ಕೆ ಸ್ಟ್ರೈನ್ ಏಜಿಂಗ್ ಎನ್ನುತ್ತಾರೆ. ಬಿಸಿ ಮಾಡಿದರೆ ಬೇಗ ಆಗುತ್ತದೆ. ಕಾಂಕ್ರೀಟು ಕಂಬಿಗೆ ಇರುವ IS 1786 ಮಾನಕದ ಮರುಬಾಗು ಪರೀಕ್ಷೆಯಲ್ಲಿ ಕಂಬಿಯನ್ನು ಬಾಗಿಸಿ, ಕುದಿಯುವ ನೀರಿನಲ್ಲಿ 30 ನಿಮಿಷ ಇಟ್ಟು, ಆರಿಸಿ, ಆಮೇಲೆ ಹಿಂದಕ್ಕೆ ಬಾಗಿಸಿ ಬಿರುಕು ಬಿಡುತ್ತದೆಯೇ ನೋಡುತ್ತಾರೆ. ಏಜಿಂಗ್ ಆದ ಉಕ್ಕು ಗಡುಸಾಗಿ ಬಿರುಕು ಬಿಡಬಹುದು ಎಂಬ ಎಚ್ಚರದಿಂದಲೇ ಆ ಪರೀಕ್ಷೆ. ಹಾಗಾಗಿ ಏಜಿಂಗ್ ಮಣಿಯುವ ಮಟ್ಟವನ್ನು ಒಂದಿಷ್ಟು ಮರಳಿ ಕೊಟ್ಟರೂ ಉಳಿದ ಒತ್ತಡವನ್ನು ಅದು ತೆಗೆಯುವುದಿಲ್ಲ, ತಾಳಿಕೆಯನ್ನು ಕಡಿಮೆಯೂ ಮಾಡುತ್ತದೆ. ಅದನ್ನು ನೆಚ್ಚಿಕೊಂಡು ಪಂಪು ಎತ್ತಬೇಡಿ.

ಸಾಧ್ಯವಾದರೆ ರಾಡನ್ನೇ ಬದಲಿಸಿ. ಬಾಗುಬಲ ದಪ್ಪದ ಘನದಂತೆ ಏರುತ್ತದೆ: 25 ಮಿ.ಮೀ. ರಾಡು 20ರ ಸುಮಾರು ಎರಡು ಪಟ್ಟು, 32 ಮಿ.ಮೀ. ನಾಲ್ಕು ಪಟ್ಟು ತಡೆಯುತ್ತದೆ. 32 ಹಾಕಿದರೆ ಚರ್ಮ ಮಣಿಯುವ ಭಾರವೇ 270 ಕಿಲೋ ದಾಟುತ್ತದೆ, ನಿಮ್ಮ ಪಂಪಿನ 110–130ಕ್ಕೆ ಅದು ಮಣಿಯುವ ಗಡಿಯ ಹತ್ತಿರಕ್ಕೂ ಬರುವುದಿಲ್ಲ. ಒಮ್ಮೆಯೂ ಮಣಿಯದ ರಾಡಿಗೆ ಈ ಹಿಂದು ಮುಂದಿನ ಸಮಸ್ಯೆಯೇ ಇಲ್ಲ. ಪಂಪು ಎತ್ತುವ ದಿನ ಕಂಬದ ಮುರಕಲ್ಲಿನಲ್ಲಿ ತೂತಿನ ಅಂಚು ಪುಡಿಯಾಗಿದೆಯೇ ಎಂದೂ ನೋಡಿ, ರಾಡು ಗಟ್ಟಿಯಾದರೆ ಸೋಲುವ ಸರದಿ ಕಲ್ಲಿನದು.

ಕೆಸರು ತೆಗೆಯಲು ಬಾವಿಗೆ ಇಳಿಯುವವರ ಹಗ್ಗವನ್ನು ಈ ರಾಡಿಗೆ, ಅದು ಹೊಸದಿರಲಿ ಹಳೆಯದಿರಲಿ, ಯಾವ ಕಾರಣಕ್ಕೂ ಕಟ್ಟಬೇಡಿ. ಅದಕ್ಕೆ ಬೇರೆಯೇ ಆಧಾರ ಬೇಕು, ಬಾವಿಕಟ್ಟೆಯಿಂದ ದೂರದ ಗಟ್ಟಿ ಮರದ ಬುಡವಾದರೂ ಆದೀತು.